ಸಂತೆಯಲ್ಲಿ ಹಲಸು ಕೊಳ್ಳುವವರೇ, "ಎರಡು ದಿನ ಇಡಿ, ಹಣ್ಣಾಗ್ತದೆ" ಎಂಬ ಮಾತಿಗೆ ಮರುಳಾಗಬೇಡಿ

ಮೇ ತಿಂಗಳ ಕೊನೆಯ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ನಾನು ಎರಡು ಹಲಸು ಕೊಂಡೆ. ಎರಡೂ ಹಾಳಾದವು. ಹಣ ಹೋದದ್ದಕ್ಕಿಂತ, ಅಷ್ಟು ದೊಡ್ಡ ಎರಡು ಕಾಯಿ ಯಾರ ಬಾಯಿಗೂ ಸಿಗದೆ ತಿಪ್ಪೆ ಸೇರಿದ್ದು ಇವತ್ತಿಗೂ ನೋವು ಕೊಡುತ್ತದೆ. ನನಗೆ ಆದದ್ದು ನಿಮಗೆ ಆಗದಿರಲಿ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಆ ಭಾನುವಾರ ನಾದಿನಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಬರುವವಳಿದ್ದಳು. ಮಕ್ಕಳಿಗೆ ಕೂವಲೆ ಪುಟ್ಟು ಮಾಡಿಕೊಡುವ ಆಸೆ ನನ್ನದು. ಹಲಸಿನ ತೊಳೆ ಕಿವುಚಿ, ಅಕ್ಕಿ ತರಿ ಕಲಸಿ, ಕೂವೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಈ ತಿಂಡಿಯನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಅಕ್ಕ. ಇದಕ್ಕೆ ಕೈಯಲ್ಲಿ ಹಿಸುಕಿದರೆ ಕರಗುವಂಥ ಹಣ್ಣೇ ಬೇಕು. ನಮ್ಮದು ಊರೊಳಗಿನ ಮನೆ, ಹಿತ್ತಲಲ್ಲಿ ಹಲಸಿನ ಮರವಿಲ್ಲ. ಹಾಗಾಗಿ ಸಂತೆಗೆ ಹೋದೆ.

ಒಂದು ಕಡೆ ಹತ್ತಿಪ್ಪತ್ತು ಹಲಸು ರಾಶಿ ಹಾಕಿದ್ದರು. ಹತ್ತಿರ ಹೋಗುತ್ತಿದ್ದ ಹಾಗೇ ಘಮ್ಮೆಂದು ವಾಸನೆ. ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು. ವ್ಯಾಪಾರಿ ಎರಡು ಕಾಯಿ ಎತ್ತಿಟ್ಟು, "ಅಕ್ಕಾ, ಇವು ಮರದಲ್ಲೇ ಬಲಿತದ್ದು. ಗೋಣಿ ಮುಚ್ಚಿ ಎರಡು ದಿನ ಇಡಿ, ಭಾನುವಾರ ಬೆಳಿಗ್ಗೆ ಹಣ್ಣಾಗಿರ್ತದೆ" ಎಂದರು. ದೊಡ್ಡದಕ್ಕೆ 250, ಸಣ್ಣದಕ್ಕೆ 180 ರೂಪಾಯಿ ಕೊಟ್ಟು ಆಟೋದಲ್ಲಿ ತಂದೆ.

ಭಾನುವಾರ ಬೆಳಿಗ್ಗೆ ಗೋಣಿ ತೆಗೆದರೆ ಎರಡೂ ಕಲ್ಲಿನಂತಿದ್ದವು. ವಾಸನೆಯೇ ಇಲ್ಲ. ಬಕ್ಕೆ ಜಾತಿ ಇರಬಹುದು, ಹೊರಗೆ ಗಟ್ಟಿಯಿದ್ದರೂ ಒಳಗೆ ಹಣ್ಣಾಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡು, ಕೈಗೆ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ದೊಡ್ಡದನ್ನು ಸೀಳಿದೆ. ಸೀಳಿದ ಕೂಡಲೇ ಹಾಲಿನಂಥ ಮೇಣ ಧಾರೆಯಾಗಿ ಇಳಿಯಿತು. ತೊಳೆಗಳು ಬಿಳಿಚಿಕೊಂಡು, ತೆಳ್ಳಗೆ, ಸುತ್ತಲಿನ ನಾರಿಗೇ ಅಂಟಿಕೊಂಡಿದ್ದವು. ಬೀಜ ಕಿತ್ತು ನೋಡಿದೆ. ಹೊರಸಿಪ್ಪೆ ಇನ್ನೂ ಬೆಳ್ಳಗಿತ್ತು, ಉಗುರು ಒತ್ತಿದರೆ ಇಳಿಯುವಷ್ಟು ಎಳಸು. ಬಲಿತ ಹಲಸಿನ ಬೀಜ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅಂದರೆ ನಾನು ತಂದದ್ದು ಹಣ್ಣೂ ಅಲ್ಲ, ಬಲಿತ ಕಾಯಿಯೂ ಅಲ್ಲ. ಇನ್ನೂ ಮೂರ್ನಾಲ್ಕು ವಾರ ಮರದಲ್ಲಿ ಇರಬೇಕಾಗಿದ್ದ ಎಳೆಗಾಯಿ.

ಸಣ್ಣದನ್ನು ಗುರುವಾರದವರೆಗೆ ಹಾಗೇ ಇಟ್ಟು ಕಾದೆ. ಒಂದು ಮಗ್ಗುಲಲ್ಲಿ ಕಂದು ಕಲೆ ಎದ್ದಿತು, ಮುಟ್ಟಿದರೆ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ಹಣ್ಣಾಗುತ್ತಿದೆ ಎಂದು ಖುಷಿಪಟ್ಟು ಕೊಯ್ದರೆ ಒಳಗೆ ಗೂಂಜಿನವರೆಗೂ ಕಪ್ಪಾಗಿ, ಹುಳಿ ಹೆಂಡದ ವಾಸನೆ ಬರುತ್ತಿತ್ತು. ಆ ಮಗ್ಗುಲು ನೆಲಕ್ಕೆ ಬಿದ್ದು ಜಜ್ಜಿದ್ದಿರಬೇಕು. ಉಳಿದ ಭಾಗ ಮೊದಲಿನಷ್ಟೇ ಗಟ್ಟಿ, ಮೊದಲಿನಷ್ಟೇ ಹಸಿರು.

ಇಲ್ಲಿ ಒಂದು ವಿಷಯ ಎಲ್ಲರಿಗೂ ತಿಳಿದಿರಬೇಕು. ಹಲಸು ಕೊಯ್ದ ಮೇಲೂ ಹಣ್ಣಾಗುತ್ತದೆ, ನಿಜ. ಆದರೆ ಮರದಲ್ಲಿ ಪೂರ್ತಿ ಬಲಿತಿದ್ದರೆ ಮಾತ್ರ. ಬಲಿತ ಕಾಯಿಯನ್ನು ಬೆಚ್ಚಗಿನ ಜಾಗದಲ್ಲಿಟ್ಟರೆ ಮೂರರಿಂದ ಹತ್ತು ದಿನದೊಳಗೆ ಹಣ್ಣಾಗುತ್ತದೆ. ಬಲಿಯದ ಕಾಯಿಯನ್ನು ಗೋಣಿಯಲ್ಲಿ ಸುತ್ತಿ, ಒಲೆ ಪಕ್ಕ ಇಟ್ಟು ಏನೇ ಮಾಡಿದರೂ ಅದು ಬಾಡುತ್ತದೆ, ಕೊಳೆಯುತ್ತದೆ, ಸಿಹಿಯಾಗುವುದಿಲ್ಲ. ಹಾಗಾಗಿ ಸಂತೆಯಲ್ಲಿ "ಇದು ಹಣ್ಣೋ ಕಾಯಿಯೋ" ಎಂದು ನೋಡಿದರೆ ಸಾಲದು. ಕಾಯಿಯಾಗಿದ್ದರೆ "ಬಲಿತದ್ದೋ ಎಳೆಯದೋ" ಎಂದು ಮೊದಲು ತಿಳಿದುಕೊಳ್ಳಬೇಕು. ನಾನು ಎಡವಿದ್ದು ಇಲ್ಲಿಯೇ.

ಇಷ್ಟು ಎಳೆಯ ಕಾಯಿ ಸಂತೆಗೆ ಬಂದದ್ದಾದರೂ ಯಾಕೆ? ಇದನ್ನು ಅಕ್ಕನ ತಮ್ಮ ಹೇಳಿದರು. ಅವರ ಕಾಫಿ ತೋಟ ಸಿದ್ದಾಪುರದ ಕಡೆ ಇದೆ. ಹಲಸು ಹಣ್ಣಾದರೆ ಆ ವಾಸನೆಗೆ ಆನೆ ತೋಟಕ್ಕೆ ನುಗ್ಗುತ್ತದೆ. ಒಮ್ಮೆ ರುಚಿ ಸಿಕ್ಕರೆ ಮರದಲ್ಲಿ ಹಣ್ಣಿರುವಷ್ಟು ದಿನ ಬರುತ್ತಲೇ ಇರುತ್ತದೆ, ಕಾಫಿ ಗಿಡ ತುಳಿದು ಹೋಗುತ್ತದೆ, ಬೆಳಿಗ್ಗೆ ಕೆಲಸಕ್ಕೆ ಬರುವವರ ಜೀವಕ್ಕೂ ಅಪಾಯ. ಅದಕ್ಕೇ ಅನೇಕರು ಹಣ್ಣಾಗುವ ಮೊದಲೇ ಕಾಯಿಯನ್ನೆಲ್ಲ ಇಳಿಸಿಬಿಡುತ್ತಾರೆ. ತೋಟದವರ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಆ ಕಾಯಿ ಪಿಕಪ್ ಗಾಡಿಯಲ್ಲಿ ಸಂತೆಗೆ ಬಂದಾಗ, ಅದನ್ನು ಪಲ್ಯಕ್ಕೆ ಎಂದು ಹೇಳಿ ಮಾರಬೇಕು. ಬಲಿತದ್ದು ಎಂದು ಹೇಳಿ ಮಾರುವುದು ಮೋಸ.

ಮರುವಾರ ಅಕ್ಕನ ಅತ್ತೆಯೇ ನನ್ನನ್ನು ಸಂತೆಗೆ ಕರೆದುಕೊಂಡು ಹೋದರು. ಅವರಿಗೆ ಎಪ್ಪತ್ತು ದಾಟಿದೆ, ಹಲಸಿನ ಮರಗಳ ನಡುವೆಯೇ ಬೆಳೆದವರು. ರಾಶಿಯ ಮುಂದೆ ನಿಂತು ಅವರು ಮೂಗಿಗೆ ಕೆಲಸ ಕೊಡಲೇ ಇಲ್ಲ. "ಮೊದಲು ಮುಳ್ಳು ನೋಡಮ್ಮಾ" ಎಂದರು.

ಎಳೆಗಾಯಿಯ ಮುಳ್ಳು ಒತ್ತೊತ್ತಾಗಿ, ಚೂಪಾಗಿ, ಕೈಗೆ ಚುಚ್ಚುವಂತಿರುತ್ತದೆ. ಕಾಯಿ ಬಲಿಯುತ್ತ ಮೈ ಹಿಗ್ಗಿದ ಹಾಗೆ ಮುಳ್ಳುಗಳ ನಡುವೆ ಅಂತರ ಬರುತ್ತದೆ, ಬುಡ ಅಗಲವಾಗಿ ತುದಿ ಮೊಂಡಾಗುತ್ತದೆ. ಅಂಗೈ ಇಟ್ಟು ಸವರಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಅವರು ಒಂದು ಕಾಯಿಯ ಮುಳ್ಳಿನ ತುದಿಯನ್ನು ಉಗುರಿನಿಂದ ಮುರಿದು ತೋರಿಸಿದರು. ಥಟ್ಟನೆ ದಪ್ಪ ಬಿಳಿ ಹಾಲು ಉಕ್ಕಿತು. "ಇದು ಎಳಸು" ಎಂದು ಪಕ್ಕಕ್ಕೆ ಸರಿಸಿದರು. ಇನ್ನೊಂದರಲ್ಲಿ ಬಂದದ್ದು ನೀರು ಬೆರೆಸಿದಂಥ ತೆಳ್ಳನೆ ಹಾಲು, ಅದೂ ಸ್ವಲ್ಪವೇ. ಅದು ಬಲಿತದ್ದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ಈ ಹಾಲು. ಮಾರುವವರನ್ನು ಕೇಳಿಯೇ ಮುರಿಯಿರಿ, ಒಂದು ಮುಳ್ಳಿನ ತುದಿ ಹೋದರೆ ಹಣ್ಣಿಗೆ ಏನೂ ಆಗುವುದಿಲ್ಲ. ಅದಕ್ಕೂ ಬೇಡ ಎನ್ನುವವರ ಹತ್ತಿರ ನಾನಂತೂ ಈಗ ಕೊಳ್ಳುವುದಿಲ್ಲ.

ಆಮೇಲೆ ಸದ್ದು. ರಾಶಿಯಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವಾಗ ತಟ್ಟಿದರೆ ಸರಿಯಾಗಿ ತಿಳಿಯುವುದಿಲ್ಲ. ಕಾಯಿಯನ್ನು ಬೇರೆ ಇಡಿಸಿ, ತೊಟ್ಟಿನ ಹತ್ತಿರ, ನಡುವೆ, ಬುಡದಲ್ಲಿ ಹೀಗೆ ಮೂರು ಕಡೆ ಬೆರಳ ಗೆಣ್ಣಿನಿಂದ ತಟ್ಟಬೇಕು. ಎಳೆಯದರ ಸದ್ದು ಮರದ ಕೊರಡಿಗೆ ಬಡಿದಂತೆ ಗಟ್ಟಿ, ಚುಟುಕು. ಬಲಿತದ್ದು ಬೊದ್ ಬೊದ್ ಎಂದು ಟೊಳ್ಳಾಗಿ ಕೇಳುತ್ತದೆ, ಹಣ್ಣಾದಂತೆ ಆ ಸದ್ದು ಇನ್ನೂ ಮಂದವಾಗುತ್ತದೆ. ಒಂದು ಕಡೆ ಮಾತ್ರ ಟೊಳ್ಳಾಗಿ ಕೇಳಿ ಉಳಿದೆಡೆ ಗಟ್ಟಿಯಿದ್ದರೆ ಆ ಜಾಗ ಏಟು ತಿಂದಿರಬಹುದು. ನನ್ನ ಸಣ್ಣ ಕಾಯಿಯನ್ನು ಹೀಗೆ ತಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಸಿಪ್ಪೆಯ ಬಣ್ಣವನ್ನು ಅವರು ಅಷ್ಟಾಗಿ ನೆಚ್ಚಲಿಲ್ಲ. ಕಡುಹಸಿರು ಹೋಗಿ ಹಳದಿ ಮಿಶ್ರಿತ ಹಸಿರು, ಆಮೇಲೆ ಕಂದು ಹಳದಿ ಬರುವುದು ವಾಡಿಕೆ. ಆದರೆ ಕೆಲವು ಮರದ ಹಣ್ಣು ಪೂರ್ತಿ ಮಾಗಿದರೂ ಹಸಿರಾಗಿಯೇ ಇರುತ್ತದೆ. ಒತ್ತಿ ನೋಡುವುದರಲ್ಲೂ ಇದೇ ತೊಡಕು. ಮೆತ್ತಗಿನ ತೊಳೆಯ ಜಾತಿ, ಕರಾವಳಿಯವರು ತುಳುವ ಎನ್ನುತ್ತಾರಲ್ಲ ಅದು, ಮಾಗಿದಾಗ ಸುತ್ತಲೂ ಒಂದೇ ಸಮ ಒತ್ತಿಗೆ ಬಗ್ಗುತ್ತದೆ. ಬಕ್ಕೆ ಹಣ್ಣಾದರೂ ಅಷ್ಟು ಬಗ್ಗುವುದಿಲ್ಲ. ಯಾವ ಜಾತಿ ಎಂದು ಕೇಳದೆ ಒತ್ತಿ ತೀರ್ಮಾನ ಮಾಡಬಾರದು. ಪುಟ್ಟು ಮಾಡುವವರಿಗೆ ತುಳುವವೇ ಒಳ್ಳೆಯದು, ಬಿಡಿಸಿ ತಿನ್ನುವವರಿಗೆ ಬಕ್ಕೆ.

ವಾಸನೆಯನ್ನು ಕೊನೆಗೆ ನೋಡಿದರು. ನಾನು ಮೊದಲ ವಾರ ಮೋಸಹೋದದ್ದು ಯಾವುದರಿಂದ ಎಂದು ಆಗ ಗೊತ್ತಾಯಿತು. ರಾಶಿಯ ಪಕ್ಕದಲ್ಲೇ ಒಂದು ಹಣ್ಣನ್ನು ಸೀಳಿ ತೊಳೆ ಬಿಡಿಸಿ ಮಾರುತ್ತಿದ್ದರು. ಆ ಘಮ ಅದರದ್ದು, ನನ್ನ ಕಾಯಿಯದ್ದಲ್ಲ. ಒಂದು ಹಲಸು ಬಿಚ್ಚಿದರೆ ಸಂತೆಯ ಆ ಮೂಲೆಯೆಲ್ಲ ಘಮಘಮಿಸುತ್ತದೆ. ಹಾಗಾಗಿ ನಿಮಗೆ ಬೇಕಾದ ಹಣ್ಣನ್ನು ಹತ್ತು ಹೆಜ್ಜೆ ದೂರ ಒಯ್ದು, ತೊಟ್ಟಿಗೆ ಎದುರಿನ ತುದಿಗೆ ಮೂಗು ತಾಗಿಸಿ ಮೂಸಿ. ಸಿಹಿ ವಾಸನೆ ಬಂದರೆ ಇವತ್ತೋ ನಾಳೆಯೋ ಕೊಯ್ಯಬಹುದು. ವಾಸನೆ ಇಲ್ಲದೆ ಮುಳ್ಳು, ಹಾಲು, ಸದ್ದು ಮೂರೂ ಸರಿಯಿದ್ದರೆ ಬಲಿತ ಕಾಯಿ, ಕೆಲವು ದಿನ ಇಟ್ಟುಕೊಳ್ಳಬಹುದು. ಹುಳಿ ವಾಸನೆ ಬಂದರೆ ಬಿಟ್ಟುಬಿಡಿ.

ವ್ಯಾಪಾರಿ ಕತ್ತಿಯಿಂದ ಮುಕ್ಕೋನ ತುಂಡು ತೆಗೆದು ಒಳಗಿನ ಬಣ್ಣ ತೋರಿಸಿದರೆ ಅದಕ್ಕಿಂತ ಖಾತ್ರಿ ಬೇರೆ ಇಲ್ಲ. ಆದರೆ ಹಾಗೆ ಕೊಯ್ದದ್ದನ್ನು ಅವತ್ತೇ ಬಿಡಿಸಬೇಕು, ನೊಣ ಕೂತು ಆ ಜಾಗದಿಂದಲೇ ಕೊಳೆಯಲು ಶುರುವಾಗುತ್ತದೆ. ಮುಂಚೆಯೇ ತೂತು ಮಾಡಿ ಮುಚ್ಚಿಟ್ಟ ಹಣ್ಣನ್ನು ಕೊಳ್ಳಬೇಡಿ. ಮಳೆ ಹಿಡಿದ ಮೇಲೆ ಬರುವ ಹಣ್ಣು ಈ ಎಲ್ಲ ಪರೀಕ್ಷೆ ದಾಟಿದರೂ ನೀರುನೀರಾಗಿ ಸಪ್ಪೆಯಿರಬಹುದು, ಅದನ್ನು ಹೊರಗಿನಿಂದ ತಿಳಿಯುವ ದಾರಿ ಅತ್ತೆಗೂ ಇಲ್ಲವಂತೆ.

ಅವತ್ತು ಅವರು ಏಳು ಕಾಯಿ ತಟ್ಟಿ ಆರನ್ನು ಬಿಟ್ಟರು. ತಂದ ಒಂದನ್ನು ಗೋಣಿಯಲ್ಲಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ವಾಸನೆ ಬಂತು. ಕೊಯ್ದಾಗ ಕತ್ತಿಗೆ ಮೇಣ ಅಂಟಿದ್ದು ತೀರಾ ಕಡಿಮೆ, ಬೀಜ ಕಂದುಬಣ್ಣ. ನಾದಿನಿಯ ಮಕ್ಕಳು ಅಷ್ಟರಲ್ಲಿ ಬೆಂಗಳೂರಿಗೆ ಹೋಗಿಯಾಗಿತ್ತು. ಪುಟ್ಟನ್ನು ಡಬ್ಬಿಗೆ ಹಾಕಿ ಸಂಜೆಯ ಬಸ್ಸಿನಲ್ಲಿ ಹೊರಟವರ ಕೈಲಿ ಕಳಿಸಿದೆ.