ಚಿತ್ರದುರ್ಗದಲ್ಲಿ ಆರು ವರ್ಷ: ನನ್ನದು ಸ್ಟೀಲ್ ಫ್ರೇಮ್ ಮನೆ, ಪಕ್ಕದಲ್ಲಿ ಅಣ್ಣನ ಇಟ್ಟಿಗೆ ಮನೆ

ಚಿತ್ರದುರ್ಗದ ಹೊರಗೆ, ಮೆದೇಹಳ್ಳಿ ಕಡೆ ನಮ್ಮವು ಅಕ್ಕಪಕ್ಕದ ಎರಡು ಸೈಟು. ಒಂದು ಅಣ್ಣನದು, ಒಂದು ನನ್ನದು. 2019ರಲ್ಲಿ ಒಂದೇ ದಿನ ಗುದ್ದಲಿ ಪೂಜೆ ಮಾಡಿಸಿದೆವು. ಅಣ್ಣ ಎಲ್ಲರ ಹಾಗೆ ಇಟ್ಟಿಗೆ ಗೋಡೆ, ಕಾಂಕ್ರೀಟ್ ಮೋಲ್ಡ್ ಅಂತ ಹೋದ. ನಾನು ಲೈಟ್ ಗೇಜ್ ಸ್ಟೀಲ್ ಫ್ರೇಮ್ ಮನೆ ಕಟ್ಟಿಸಿದೆ. ಎರಡೂ ಎಂಟೆಂಟು ಚದರ, ಎರಡಕ್ಕೂ ಒಂದೇ ಬಿಸಿಲು, ಒಂದೇ ಗಾಳಿ. ಹಾಗಾಗಿ ಹೋಲಿಸಿ ನೋಡೋಕೆ ನಾನು ಎಲ್ಲಿಗೂ ಹೋಗಬೇಕಿಲ್ಲ, ಕಾಂಪೌಂಡ್ ದಾಟಿದರೆ ಸಾಕು.

ಮೊದಲು ಗೋಡೆ ಹೇಗಿದೆ ಅಂತ ಹೇಳಿಬಿಡುತ್ತೇನೆ, ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಸತು ಲೇಪಿಸಿದ ಉಕ್ಕಿನ ಹಾಳೆಯನ್ನು ಕಾಯಿಸದೆ, ತಣ್ಣಗಿದ್ದಾಗಲೇ ಮೆಷಿನ್‌ನಲ್ಲಿ ಮಡಚಿ ಪಟ್ಟಿ ಮಾಡುತ್ತಾರೆ. ದಪ್ಪ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ನೆಲಕ್ಕೆ ಬೋಲ್ಟ್ ಮಾಡುವ ಪಟ್ಟಿಗೆ ಟ್ರ್ಯಾಕ್ ಅಂತಾರೆ, ಅದು ಮೇಲಕ್ಕೆ ಬಾಯಿ ತೆರೆದ ಚರಂಡಿ ಹಾಗಿರುತ್ತದೆ. ಅದರೊಳಗೆ ಎರಡು ಅಡಿಗೊಂದರಂತೆ ನಿಲ್ಲಿಸುವ ಕಂಬವೇ ಸ್ಟಡ್. ಹೊರಗಡೆ 10 ಮಿಲಿಮೀಟರ್ ಸಿಮೆಂಟ್ ಬೋರ್ಡ್, ಒಳಗಡೆ ಜಿಪ್ಸಮ್ ಬೋರ್ಡ್, ನಡುವೆ ಬಿಸಿ ತಡೆಯೋಕೆ ಕಲ್ಲಿನ ನಾರಿನ ಹಾಸು, ಅದಕ್ಕೆ ರಾಕ್‌ವುಲ್ ಅಂತಾರೆ. ಎಲ್ಲಾ ಸ್ಕ್ರೂ ಕೆಲಸ. ಗಾರೆ ಇಲ್ಲ, ವೆಲ್ಡಿಂಗ್ ಇಲ್ಲ. ಅಂದರೆ ಗೋಡೆ ಟೊಳ್ಳು. ಈ ಮನೆಯ ಒಳ್ಳೆಯದೂ ಅದೇ, ಕೆಟ್ಟದ್ದೂ ಅದೇ.

ಫ್ರೇಮ್ ಬೆಂಗಳೂರಿನಿಂದ ಒಂದೇ ಲಾರಿಯಲ್ಲಿ ಬಂತು. ನಾಲ್ಕು ಜನ ಐದು ದಿನಕ್ಕೆ ಅಸ್ಥಿಪಂಜರ ನಿಲ್ಲಿಸಿದರು. ಅಣ್ಣನ ಮೇಸ್ತ್ರಿ ಬಂದು ಬೆರಳಿನಿಂದ ತಟ್ಟಿ ನೋಡಿ, "ಅಣ್ಣಾ, ಇದೇನು ಎಣ್ಣೆ ಡಬ್ಬದಲ್ಲಿ ಮನೆ ಮಾಡ್ತಾ ಇದ್ದೀರಾ?" ಅಂದ. ಪಾಯದಿಂದ ಹಿಡಿದು ಗೃಹಪ್ರವೇಶದವರೆಗೆ ನನಗೆ ಎರಡೂವರೆ ತಿಂಗಳು, ಅಣ್ಣನಿಗೆ ಒಂಬತ್ತು. ಅವನು ಕ್ಯೂರಿಂಗ್‌ಗೆ ವಾರಕ್ಕೆ ಮೂರು ಟ್ಯಾಂಕರ್ ನೀರು ಹೊಡೆಸಿದ. ನಮ್ಮೂರಲ್ಲಿ ನೀರಿನ ಬೆಲೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಡ್ಡಿನಲ್ಲಿ ಮಾತ್ರ ನನಗೇ ಜಾಸ್ತಿ ಆಯ್ತು. ಅಣ್ಣನದು 12 ಲಕ್ಷ 40 ಸಾವಿರಕ್ಕೆ ಮುಗಿಯಿತು, ನನ್ನದು 13 ಲಕ್ಷ 60 ಸಾವಿರ. ಈ ಮನೆ ಅಗ್ಗ ಅಂತ ಯಾರಾದರೂ ಹೇಳಿದರೆ, ಸಾಗಾಣಿಕೆಯನ್ನೂ ಹೊರಗಿನಿಂದ ಬರುವ ಕೆಲಸಗಾರರ ಊಟ, ರೂಮಿನ ಖರ್ಚನ್ನೂ ಸೇರಿಸಿ ಲೆಕ್ಕ ಕೇಳಿ. ಹೊರಗೋಡೆ ಒಂಬತ್ತು ಇಂಚಿನ ಬದಲು ನಾಲ್ಕೂವರೆ ಇಂಚು ಆದದ್ದರಿಂದ ಒಳಗೆ ಸುಮಾರು 40 ಚದರ ಅಡಿ ಜಾಗ ಉಳಿಯಿತು. ಅದೊಂದು ಸಮಾಧಾನ.

ಇನ್ನು ಸೆಖೆ. ಎಲ್ಲರೂ ಮೊದಲು ಕೇಳುವುದು ಇದನ್ನೇ. "ತಗಡಲ್ವಾ, ಬೇಸಿಗೆಯಲ್ಲಿ ಬೆಂದು ಹೋಗಲ್ವಾ?"

ಬೇಯುವ ಹೊತ್ತು ಬೇರೆ, ಅಷ್ಟೇ. ಒಂದು ಏಪ್ರಿಲ್ ಭಾನುವಾರ ಇಬ್ಬರ ಹಾಲ್‌ನಲ್ಲೂ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 38 ಡಿಗ್ರಿ. ಮಧ್ಯಾಹ್ನ ಎರಡಕ್ಕೆ ನಮ್ಮಲ್ಲಿ 35, ಅಣ್ಣನ ಮನೆಯಲ್ಲಿ 32 ಚಿಲ್ಲರೆ. ರಾತ್ರಿ ಹತ್ತಕ್ಕೆ ಉಲ್ಟಾ: ನಮ್ಮಲ್ಲಿ 29, ಅವರಲ್ಲಿ 33. ಇಟ್ಟಿಗೆ ಗೋಡೆ, ಮೋಲ್ಡು ಎರಡೂ ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ನಿಧಾನಕ್ಕೆ ಮನೆಯೊಳಗೆ ಬಿಡುತ್ತವೆ. ನಮ್ಮ ಗೋಡೆಯ ತೂಕ ಅದರ ಹತ್ತನೇ ಒಂದು ಭಾಗವೂ ಇಲ್ಲ, ಬಿಸಿ ಹಿಡಿದಿಟ್ಟುಕೊಳ್ಳಲು ಅದರಲ್ಲಿ ಏನೂ ಇಲ್ಲ. ಗಾಳಿ ತಣ್ಣಗಾಯಿತು ಅಂದರೆ ಮನೆಯೂ ತಣ್ಣಗಾಯಿತು. ಅದಕ್ಕೇ ಬೇಸಿಗೆಯಲ್ಲಿ ಅವ್ವ ಮಧ್ಯಾಹ್ನ ಮಲಗೋದು ಅಣ್ಣನ ಮನೆಯಲ್ಲಿ, ರಾತ್ರಿ ಮಲಗೋದು ನಮ್ಮಲ್ಲಿ. ಹಗಲು ಮನೆಯಲ್ಲೇ ಇರುವವರು ಈ ಲೆಕ್ಕ ನೋಡಿಕೊಳ್ಳಿ.

ಒಂದು ತಮಾಷೆ ಇದೆ. ಸಂಜೆ ನಾಲ್ಕಕ್ಕೆ ಪಡುವಣ ಗೋಡೆಯ ಒಳಮೈ ಮೇಲೆ ಅಂಗೈ ಇಟ್ಟು ಪಕ್ಕಕ್ಕೆ ಸರಿಸುತ್ತಾ ಹೋದರೆ, ಎರಡು ಅಡಿಗೊಂದು ಬಿಸಿ ಗೆರೆ ಕೈಗೆ ಸಿಗುತ್ತದೆ. ಅಲ್ಲೇ ಸ್ಟಡ್ ಇರೋದು. ರಾಕ್‌ವುಲ್ ಬಿಸಿ ತಡೆಯುತ್ತದೆ, ಉಕ್ಕು ಮಾತ್ರ ಹೊರಗಿನ ಬಿಸಿಯನ್ನು ಸೀದಾ ಒಳಗೆ ತರುತ್ತದೆ. ಹೊರಗಿನ ಬೋರ್ಡಿಗೂ ಸ್ಟಡ್ಡಿಗೂ ನಡುವೆ ತೆಳ್ಳಗೆ ಒಂದು ಫೋಮ್ ಹಾಳೆ ಹಾಕಿದ್ದರೆ ಇದು ಕಡಿಮೆಯಾಗುತ್ತಿತ್ತು. ನನಗೆ ಯಾರೂ ಹೇಳಲಿಲ್ಲ.

ಈಗ ನನ್ನ ನಿಜವಾದ ತಲೆನೋವಿಗೆ ಬರುತ್ತೇನೆ. ಅದು ಸೆಖೆ ಅಲ್ಲ, ಗಾಳಿಯೂ ಅಲ್ಲ. ಬಾತ್‌ರೂಮ್.

2022ರ ಮಳೆಗಾಲ. ಬೆಡ್‌ರೂಮಿನ ಒಂದು ಗೋಡೆಯಲ್ಲಿ, ನೆಲದಿಂದ ನಾಲ್ಕು ಇಂಚು ಮೇಲೆ ಬಣ್ಣ ಗುಳ್ಳೆ ಎದ್ದಿತ್ತು. ಆ ಗೋಡೆಯ ಆಚೆ ಬಾತ್‌ರೂಮು. ಮಳೆಯ ತೇವ ಇರಬೇಕು ಅಂತ ಸುಮ್ಮನಾದೆ. ತಿಂಗಳು ಕಳೆದ ಮೇಲೆ ಒದ್ದೆ ಗೋಣಿಚೀಲದ ವಾಸನೆ ಶುರುವಾಯಿತು. ಬೆರಳು ಒತ್ತಿದರೆ ಜಿಪ್ಸಮ್ ಬೋರ್ಡು ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಯಿತು. ಫ್ರೇಮ್ ಹಾಕಿದವರಿಗೆ ಫೋನ್ ಮಾಡಿದರೆ "ಅದು ಪ್ಲಂಬರ್ ಕೆಲಸ ಸರ್" ಅಂದರು. ಪ್ಲಂಬರ್ "ಗೋಡೆ ನಂದಲ್ಲ" ಅಂದ. ಕೊನೆಗೆ ನಾನೇ ಕರಗಸ ತಗೊಂಡು ಎರಡು ಅಡಿ ಅಗಲ, ಒಂದು ಅಡಿ ಎತ್ತರ ಬೋರ್ಡು ಕೊಯ್ದೆ.

ಒಳಗೆ ನೋಡಿದ್ದು ಇದು. ನಲ್ಲಿಯ ಹಿಂದೆ ಪೈಪಿನ ಎಲ್ಬೋ ಸಣ್ಣಗೆ ಸೋರುತ್ತಿತ್ತು, ನಿಮಿಷಕ್ಕೆ ಎರಡು ಮೂರು ಹನಿ ಇರಬಹುದು. ಆ ನೀರನ್ನು ರಾಕ್‌ವುಲ್ ಸ್ಪಂಜಿನ ಹಾಗೆ ಹೀರಿಕೊಂಡು ಕೆಳಕ್ಕೆ ಇಳಿಸಿತ್ತು. ಕೆಳಗೆ ಟ್ರ್ಯಾಕ್, ಮೇಲಕ್ಕೆ ಬಾಯಿ ತೆರೆದ ಚರಂಡಿ ಅಂದೆನಲ್ಲ, ಅದರಲ್ಲಿ ನೀರು ನಿಂತಿತ್ತು. ಹೋಗೋಕೆ ದಾರಿಯೇ ಇಲ್ಲ. ಟ್ರ್ಯಾಕ್ ಮೇಲೆ ರಂಗೋಲಿ ಪುಡಿಯ ಹಾಗೆ ಬಿಳಿ ಪುಡಿ ಕೂತಿತ್ತು. ಅದು ಸತು ಸವೆಯುತ್ತಿರುವ ಗುರುತು. ಕೆರೆದು ನೋಡಿದರೆ ಒಂದು ಗೇಣು ಉದ್ದಕ್ಕೆ ಕೆಂಪು ತುಕ್ಕು. ಎರಡು ಸ್ಟಡ್‌ಗಳ ಬುಡವೂ ಕೆಂಪಗಾಗಿತ್ತು.

ತುಕ್ಕು ಹಿಡಿಯೋದೇ ಇಲ್ಲ ಅಂತ ಮಾರುವಾಗ ಹೇಳಿದ್ದರು. ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. Z275 ಅಂತ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. ಒಂದು ಚದರ ಮೀಟರ್ ಹಾಳೆಗೆ ಎರಡೂ ಬದಿ ಸೇರಿ 275 ಗ್ರಾಂ ಸತು ಅಂತ ಅರ್ಥ. ಒಂದೊಂದು ಬದಿಗೆ ಸುಮಾರು 20 ಮೈಕ್ರಾನ್. ಒಣಗಿದ ಗೋಡೆಯೊಳಗೆ ಇದು ನಮ್ಮ ಕಾಲಕ್ಕೂ ಮಿಕ್ಕಿ ಬಾಳುತ್ತದೆ. ಸ್ಕ್ರೂ ಹೊಡೆದ ತೂತು, ಕತ್ತರಿಸಿದ ಅಂಚು, ಇವನ್ನೂ ಪಕ್ಕದ ಸತು ತಾನೇ ಸವೆದು ಕಾಯುತ್ತದೆ. ಆದರೆ ಗಾಳಿ ಆಡದ ಕಡೆ ತಿಂಗಳುಗಟ್ಟಲೆ ನೀರು ನಿಂತರೆ 20 ಮೈಕ್ರಾನ್ ಎಷ್ಟು ದಿನ ಬಂದೀತು? ಸಾಲದ್ದಕ್ಕೆ, ನಮ್ಮಲ್ಲಿ ಟ್ರ್ಯಾಕಿಗೂ ಕಾಂಕ್ರೀಟಿಗೂ ನಡುವೆ ತೇವ ತಡೆಯುವ ಪಟ್ಟಿಯನ್ನೇ ಹಾಕಿರಲಿಲ್ಲ. ಅಡಿಯಿಂದಲೂ ತೇವ.

ರಿಪೇರಿಗೆ ದಾವಣಗೆರೆಯಿಂದ ಒಬ್ಬ ಫ್ಯಾಬ್ರಿಕೇಟರ್ ಬಂದರು. ಸೂರಿಗೆ ಜಾಕಿ ಕೊಟ್ಟು, ಹಾಳಾದ ಟ್ರ್ಯಾಕನ್ನು ಮೂರು ಅಡಿ ಕತ್ತರಿಸಿ ಹೊಸದು ಕೂರಿಸಿದರು. ಎರಡು ಸ್ಟಡ್ಡಿನ ಪಕ್ಕಕ್ಕೆ ಜೋಡಿ ಸ್ಟಡ್ ನಿಲ್ಲಿಸಿ ಸ್ಕ್ರೂ ಹೊಡೆದರು. ಉಳಿದ ಕಡೆ ಕೆರೆದು ಸತುವಿನ ಪೇಂಟ್. ನೆನೆದ ರಾಕ್‌ವುಲ್ ಪೂರಾ ಬದಲಾಯಿಸಿದರು, ಒಣಗಿಸಿ ಮತ್ತೆ ತುಂಬೋಣ ಅಂದೆ, ಒಪ್ಪಲಿಲ್ಲ. ಬೆಡ್‌ರೂಮ್ ಕಡೆ ಜಿಪ್ಸಮ್ ಬದಲು ಸಿಮೆಂಟ್ ಬೋರ್ಡು ಬಂತು, ನಲ್ಲಿಯ ಹಿಂದೆ ಸ್ಕ್ರೂ ಬಿಚ್ಚಿ ನೋಡುವ ಒಂದು ಸಣ್ಣ ಬಾಗಿಲೂ ಬಂತು. ಈಗ ತಿಂಗಳಿಗೊಮ್ಮೆ ಬಿಚ್ಚಿ ಟಾರ್ಚ್ ಬಿಡುತ್ತೇನೆ. ಒಟ್ಟು 18,500 ರೂಪಾಯಿ.

ಅದೇ ವರ್ಷ ಅಣ್ಣನ ಬಾತ್‌ರೂಮಲ್ಲೂ ಪೈಪ್ ಸೋರಿತ್ತು. ಮೂರೇ ದಿನಕ್ಕೆ ಗೋಡೆಯ ಮೇಲೆ ಒದ್ದೆ ಕಲೆ ಕಂಡಿತು. ಮೇಸ್ತ್ರಿ ಒಡೆದು, ಪೈಪ್ ಸರಿ ಮಾಡಿಸಿ, ಗಾರೆ ಮೆತ್ತಿ ಹೋದ. ಖರ್ಚು ನಾಲ್ಕು ಸಾವಿರ. ಇಟ್ಟಿಗೆ ಗೋಡೆ ನೋವಾದ ಕೂಡಲೇ ಕೂಗಿಕೊಳ್ಳುತ್ತದೆ. ನಮ್ಮದು ತಿಂಗಳುಗಟ್ಟಲೆ ನುಂಗಿಕೊಂಡು ಕೂರುತ್ತದೆ.

ಮತ್ತೆ ಕಟ್ಟಿಸಿದರೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ. ಬಾತ್‌ರೂಮ್ ಗೋಡೆಗಳ ಅಡಿಯಲ್ಲಿ ಆರು ಇಂಚು ಎತ್ತರ ಕಾಂಕ್ರೀಟ್ ಕಟ್ಟೆ ಬರಬೇಕು, ಟ್ರ್ಯಾಕ್ ಅದರ ಮೇಲೆ ಕೂರಬೇಕು. ನೆಲದ ನೀರು ಉಕ್ಕಿನ ಹತ್ತಿರಕ್ಕೂ ಬರಬಾರದು. ಟೈಲ್ಸ್ ಹಿಂದೆ ಸಿಮೆಂಟ್ ಬೋರ್ಡ್, ಅದರ ಮೇಲೆ ವಾಟರ್‌ಪ್ರೂಫ್ ಲೇಪ. ಟೈಲ್ಸ್ ಇದ್ದರೆ ನೀರು ಒಳಗೆ ಹೋಗಲ್ಲ ಅನ್ನೋದು ತಪ್ಪು, ಸಂದಿನ ಗ್ರೌಟ್ ನೀರು ಕುಡಿಯುತ್ತದೆ.

ಉಳಿದದ್ದು ಚಿಕ್ಕಪುಟ್ಟದ್ದು. ಗೀಸರನ್ನು ಬೋರ್ಡಿಗೆ ನೇತುಹಾಕೋಕೆ ಆಗಲ್ಲ. ನೀರು ತುಂಬಿದರೆ 25 ಕೆಜಿ ಆಗುತ್ತೆ, ಸ್ಟಡ್ಡಿಗೇ ಸ್ಕ್ರೂ ಹಿಡಿಯಬೇಕು, ಇಲ್ಲ ಮೊದಲೇ ಹಿಂದೆ ಪ್ಲೈವುಡ್ ಹಾಕಿಸಿರಬೇಕು. ಸ್ಟಡ್ ಹುಡುಕೋಕೆ ಮಗಳ ಪೆನ್ಸಿಲ್ ಬಾಕ್ಸಿನ ಅಯಸ್ಕಾಂತ ಸಾಕು, ಸ್ಕ್ರೂ ಇರುವ ಕಡೆ ಗೋಡೆಗೆ ಅಂಟಿಕೊಳ್ಳುತ್ತೆ. ಕಿಟಕಿಯ ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿವೆ. ಬೋರ್ಡಿನ ಜಾಯಿಂಟು ಕಿಟಕಿ ಅಂಚಿನ ನೇರಕ್ಕೇ ಬಂದದ್ದು ಕಾರಣ. ಮೂಲೆಗೆ ಒಂದೇ ಬೋರ್ಡನ್ನು ಎಲ್ ಆಕಾರಕ್ಕೆ ಕೊಯ್ದು ಹಾಕಿದ್ದರೆ ಬರುತ್ತಿರಲಿಲ್ಲ. ಆಷಾಢದ ಗಾಳಿಗೆ ಮನೆ ಅಲುಗಿಲ್ಲ. ಹಗುರವಾದ ಮನೆಯನ್ನು ಗಾಳಿ ಮೇಲಕ್ಕೆ ಎಳೆಯುತ್ತೆ ಅಂತ ಟ್ರ್ಯಾಕಿನ ಬೋಲ್ಟುಗಳನ್ನು ಮಾತ್ರ ಎಂಜಿನಿಯರ್ ಒಂದೊಂದಾಗಿ ಎಣಿಸಿದ್ದರು. ಜೋರು ಮಳೆ ಬಂದರೆ ಶೀಟಿನ ಸೂರಿನ ಸದ್ದಿಗೆ ಟಿವಿ ಕೇಳಿಸಲ್ಲ, ರಾಕ್‌ವುಲ್ ಇದ್ದರೂ. ನನಗೆ ಅದು ಇಷ್ಟ, ಹೆಂಡತಿಗೆ ಇಲ್ಲ.

ಈಗ ಅಣ್ಣನಿಗೆ ಮಗನ ಮದುವೆಗೆ ಮುಂಚೆ ಮಹಡಿ ಮೇಲೆ ಒಂದು ರೂಮು ಬೇಕಾಗಿದೆ. ಇಟ್ಟಿಗೆಯ ಭಾರ ಹಳೇ ಪಾಯ ತಡೆಯಲ್ಲ ಅಂತ ಎಂಜಿನಿಯರ್ ಹೇಳಿದ ಮೇಲೆ, ಆರು ವರ್ಷ ನನ್ನ ಮನೆಯನ್ನು ಡಬ್ಬ ಅಂದವನು ಸ್ಟೀಲ್ ಫ್ರೇಮಿನ ಕೊಟೇಶನ್ ತರಿಸಿದ್ದಾನೆ. ಮೊನ್ನೆ ಪ್ಲಾನ್ ಹರಡಿಕೊಂಡು ಕೂತಿದ್ದೆವು. ಬಾತ್‌ರೂಮ್ ಎಲ್ಲಿ ಅಂತ ಕೇಳಿದೆ. ಪೆನ್ಸಿಲ್ ತಗೊಂಡು ಅದರ ಸುತ್ತ ದಪ್ಪಗೆ ಗೆರೆ ಎಳೆದು, "ಇಲ್ಲಿ ನಿನ್ನ ಆರಿಂಚು ಕಟ್ಟೆ ಬರುತ್ತಪ್ಪಾ, ಕೊಟೇಶನ್‌ನಲ್ಲೇ ಬರೆಸಿದೀನಿ" ಅಂದ.