ಅರಬಿ ಸುದ್ದಿಯ ಬೆನ್ನು ಹಿಡಿದು ಮಾತಾಡುವುದು: ನಿಧಾನದ ಕೋರ್ಸೋ, ನಿಜವಾದ ವಾರ್ತೆಯೋ?

ಮೊದಲೇ ಹೇಳಿಬಿಡುತ್ತೇನೆ, ಅರಬಿ ಕೇಳಿ ಕಲಿಯಲು ನನ್ನ ಮತ ಅಲ್ ಜಜೀರಾದ ಚಿಕ್ಕ ವಾರ್ತೆಗೆ. ಯೂಟ್ಯೂಬಿನಲ್ಲಿ ಸಿಗುವ ಆ ಕೆಲವೇ ನಿಮಿಷದ ‘ಮೂಜಜ್’ ಇದೆಯಲ್ಲ, ಅದಕ್ಕೆ. ಕಲಿಯುವವರಿಗೆಂದೇ ಸುದ್ದಿಯನ್ನು ನಿಧಾನವಾಗಿ ಓದಿಕೊಡುವ, ದುಡ್ಡು ಕೊಟ್ಟು ತೆಗೆದುಕೊಂಡ ‘ನಿಧಾನ ಸುದ್ದಿ’ ಕೋರ್ಸು ನನ್ನ ಕಿವಿಗೆ ಕೊಡದೇ ಇದ್ದದ್ದನ್ನು ಇದು ಪುಕ್ಕಟೆಯಾಗಿ ಕೊಟ್ಟಿತು.

ನಾನು ಮಂಗಳೂರಿನಲ್ಲಿ ಕೆಲಸ ಮಾಡುವವಳು. ಅನುವಾದದ ಕೆಲಸಕ್ಕೆ ಬೇಕೆಂದು ಅರಬಿ ಕಲಿಯುತ್ತಿದ್ದೇನೆ. ಓದಿದರೆ ಸುದ್ದಿ ಸುಮಾರಾಗಿ ಅರ್ಥವಾಗುತ್ತದೆ, ಕೇಳಿದರೆ ಕೈ ತಪ್ಪುತ್ತದೆ. ಮಧ್ಯಮ ಹಂತದಲ್ಲಿ ಇರುವ ಹೆಚ್ಚಿನವರ ಕಥೆ ಇದೇ ಅಲ್ವಾ? ಅದಕ್ಕೆ ಶ್ಯಾಡೋಯಿಂಗ್ ಶುರು ಮಾಡಿದೆ. ಅಂದರೆ ವಾರ್ತೆ ಓದುವವರು ಹೇಳಿದ್ದನ್ನು ಅರ್ಧ ಸೆಕೆಂಡು, ಒಂದು ಸೆಕೆಂಡು ಹಿಂದೆ ಬಿದ್ದು, ನಿಲ್ಲಿಸದೆ, ಬಾಯಲ್ಲಿ ಹೇಳುತ್ತಾ ಹೋಗುವುದು. ಅವರ ಜೊತೆಜೊತೆಗೇ ಹೇಳಲು ಹೋದರೆ ಅದು ಊಹೆಯಾಗುತ್ತದೆ. ವಾಕ್ಯ ಮುಗಿದ ಮೇಲೆ ಹೇಳಿದರೆ ಅದು ಬಾಯಿಪಾಠ. ನಡುವಿನ ಆ ಸಣ್ಣ ಅಂತರದಲ್ಲೇ ಕಿವಿಗೆ ಕೆಲಸ.

ಕೋರ್ಸಿನ ಹೆಸರು ಬೇಡ. ಮೂರು ತಿಂಗಳ ಚಂದಾ, ನನ್ನ ಸಂಬಳಕ್ಕೆ ಸಣ್ಣದೇನಲ್ಲ. ಧ್ವನಿ ಸ್ವಚ್ಛ. ಅರಬಿ ಬರಹದಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುವ ಸ್ವರಚಿಹ್ನೆಗಳನ್ನೆಲ್ಲ ಪಠ್ಯಕ್ಕೆ ಹಾಕಿದ್ದಾರೆ. ಪದಗಳ ಅರ್ಥದ ಪಟ್ಟಿ ಚೆನ್ನಾಗಿದೆ. ಕೆಲವು ವಾರದಲ್ಲಿ ಅದರ ಪಾಠಗಳನ್ನೆಲ್ಲ ತಡವರಿಸದೆ ಹಿಂಬಾಲಿಸುವಷ್ಟಾದೆ. ಆಮೇಲೆ ನಿಜವಾದ ವಾರ್ತೆ ಹಾಕಿದರೆ, ಅವೇ ಪದಗಳು, ಆದರೂ ಒಂದೂ ಹಿಡಿಗೆ ಸಿಗಲಿಲ್ಲ. ವೇಗ ಜಾಸ್ತಿ, ಅದಕ್ಕೇ ಹೀಗೆ ಅಂದುಕೊಂಡೆ. ಕಾರಣ ಬೇರೆಯೇ ಇತ್ತು.

ಅದನ್ನು ಹಿಡಿದದ್ದು ಬಂದರಿನ ಕಡೆಯ ನನ್ನ ಬ್ಯಾರಿ ಸ್ನೇಹಿತೆ. ಅವಳಿಗೆ ಸುದ್ದಿಯ ಅರಬಿ ಬರುವುದಿಲ್ಲ, ಆದರೆ ಚಿಕ್ಕಂದಿನಿಂದ ಮದ್ರಸದಲ್ಲಿ ಕುರ್‌ಆನ್ ಓದಿ ಕಿವಿ ಪಳಗಿದೆ. ಕೋರ್ಸಿನ ಎರಡು ವಾಕ್ಯ ಕೇಳಿದವಳೇ, “ಇವನು ಪ್ರತಿ ಪದಕ್ಕೂ ವಕ್ಫ್ ಮಾಡ್ತಾನಲ್ಲ ಮಾರಾಯ್ತಿ, ವಸ್ಲೇ ಇಲ್ಲ!” ಅಂದಳು. ವಕ್ಫ್ ಅಂದರೆ ನಿಲ್ಲಿಸಿ ಓದುವುದು, ವಸ್ಲ್ ಅಂದರೆ ಮುಂದಿನ ಪದಕ್ಕೆ ಕೂಡಿಸಿ ಓದುವುದು. ಓದುವಿಕೆಯ ಪಾಠದಲ್ಲಿ ಮಕ್ಕಳಿಗೇ ಹೇಳಿಕೊಡುವ ಸಂಗತಿ ಇದು.

ಒಂದು ವಾಕ್ಯ ತೆಗೆದುಕೊಳ್ಳಿ: ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹೇಳಿದರು. ಸುದ್ದಿಯಲ್ಲಿ ಮತ್ತೆ ಮತ್ತೆ ಬರುವಂಥದ್ದು. ಕೋರ್ಸಿನಲ್ಲಿ ಹೀಗೆ ಬರುತ್ತದೆ: “ಕಾಲ. ಅಲ್ ಅಮೀನ್. ಅಲ್ ಆಮ್. ಲಿಲ್ ಉಮಮ್. ಅಲ್ ಮುತ್ತಹಿದ.” ವಾರ್ತೆಯಲ್ಲಿ ಬರುವುದು: “ಕಾಲಲ್‌ಅಮೀನುಲ್‌ಆಮ್ಮು ಲಿಲ್‌ಉಮಮಿಲ್‌ಮುತ್ತಹಿದ.” ಇಂಗ್ಲಿಷಿನ ‘ದಿ’ ಹಾಗೆ ಪದದ ಮೊದಲು ಬರುವ ‘ಅಲ್’ನಲ್ಲಿರುವ ‘ಅ’ ಕೂಡಿಸಿ ಓದುವಾಗ ಬಿದ್ದುಹೋಗುತ್ತದೆ. ಉಳಿದ ‘ಲ್’ ಹಿಂದಿನ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಆ ಬಾಲ ಯಾವುದು? ನಿಲ್ಲಿಸಿ ಓದಿದಾಗ ಕೇಳಿಸದೇ ಇದ್ದ ವಿಭಕ್ತಿ ಸ್ವರ, ಅಮೀನು ಎಂಬಲ್ಲಿನ ‘ಉ’, ಉಮಮಿ ಎಂಬಲ್ಲಿನ ‘ಇ’. ಈಗ ನನ್ನ ಕಿವಿ ‘ಅಲ್ ಅಮೀನ್’ಗಾಗಿ ಕಾಯುತ್ತಿದೆ. ಬಂದದ್ದು ‘ಕಾಲಲ್’. ಅಂಥ ಪದ ಯಾವ ನಿಘಂಟಿನಲ್ಲೂ ಇಲ್ಲ. ಅದೇನೆಂದು ಹುಡುಕುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ.

ಕೆಲವು ಅಕ್ಷರಗಳ ಮುಂದೆ ಆ ‘ಲ್’ ಕೂಡ ಉಳಿಯುವುದಿಲ್ಲ, ಮುಂದಿನ ಅಕ್ಷರವೇ ಆಗಿಬಿಡುತ್ತದೆ. ಪ್ರತಿನಿಧಿ ಸಭೆಗೆ ಮಜ್ಲಿಸ್, ಅನ್ನುವ್ವಾಬ್ ಎಂದು ಬಿಡಿಬಿಡಿಯಾಗಿ ಕೇಳಿ ಕಲಿತವರಿಗೆ ‘ಮಜ್ಲಿಸುನ್ನುವ್ವಾಬ್’ ಒಂದೇ ಉದ್ದ ಪದದ ಹಾಗೆ ಬಡಿಯುತ್ತದೆ. ಕನ್ನಡ ಕಲಿಯುವವನಿಗೆ ‘ಊರು ಅಲ್ಲಿ’ ಎಂದೇ ಹೇಳಿಕೊಟ್ಟು, ಬೀದಿಯಲ್ಲಿ ‘ಊರಲ್ಲಿ’ ಕೇಳಿಸಿದರೆ ಏನಾದೀತು, ಹಾಗೆ. ನಿಧಾನ ಮಾಡಿದ್ದು ತಪ್ಪಲ್ಲ. ಕೀಲುಗಳನ್ನೇ ಕಳಚಿ ನಿಧಾನ ಮಾಡಿದ್ದು ತಪ್ಪು. ಕೇಳುವುದರಲ್ಲಿ ಕಷ್ಟ ಇದ್ದದ್ದೇ ಆ ಕೀಲುಗಳಲ್ಲಿ.

ಅಲ್ ಜಜೀರಾದ ಮೂಜಜ್ ಇಲ್ಲಿ ಗೆಲ್ಲುತ್ತದೆ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಓದು ನಿಧಾನವಾಗುತ್ತದೆ, ಕೂಡಿಕೆ ಹಾಗೆಯೇ ಉಳಿಯುತ್ತದೆ. 0.5ಕ್ಕೆ ಇಳಿಸಬೇಡಿ, ಸ್ವರಗಳು ಎಳೆದಂತಾಗಿ ದೀರ್ಘ ಯಾವುದು ಹ್ರಸ್ವ ಯಾವುದು ಗೊತ್ತಾಗದು. ದೀರ್ಘ, ಹ್ರಸ್ವ, ಒತ್ತು ಹಿಡಿಯುವುದರಲ್ಲಿ ಕನ್ನಡದ ಕಿವಿ ಮೊದಲೇ ಗಟ್ಟಿ, ಆ ಅನುಕೂಲವನ್ನು ಸುಮ್ನೆ ಕಳೆದುಕೊಳ್ಳುವುದೇಕೆ?

ನಾನು ಮಾಡುವುದು ಇಷ್ಟು. ಮುಖ್ಯಾಂಶದ ಒಂದು ಸುದ್ದಿ, ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ. ಮೊದಲು ಸುಮ್ಮನೆ ಕೇಳುವುದು. ಆಮೇಲೆ ಶಬ್ದ ಬರಿಸದೆ ತುಟಿಯಲ್ಲಷ್ಟೇ ಹಿಂಬಾಲಿಸುವುದು. ಆಮೇಲೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ ಗಟ್ಟಿಯಾಗಿ ಹೇಳುವುದು, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು. ಇನ್ನೊಂದು ಕಿವಿಗೆ ನನ್ನ ಧ್ವನಿ ಬೀಳಬೇಕು. ರೆಕಾರ್ಡಿನಲ್ಲಿ ನೋಡುವುದು ಒಂದೇ: ಪದದ ಕೊನೆಯ ‘ಉ’, ‘ಇ’ ಬಂತಾ, ಮುಂದಿನದಕ್ಕೆ ಕೂಡಿತಾ? ಬಾಯಲ್ಲಿ ಬಾರದ ಜಾಗ ಕಿವಿಗೂ ಬಿದ್ದಿಲ್ಲ ಅಂತಲೇ ಲೆಕ್ಕ, ಆ ತುಣುಕನ್ನು ಮತ್ತೆ ಹಾಕುತ್ತೇನೆ. ಕೊನೆಗೆ ಸುದ್ದಿ ಏನೆಂದು ಕನ್ನಡದಲ್ಲಿ ಎರಡು ವಾಕ್ಯ ಹೇಳಿಕೊಳ್ಳುತ್ತೇನೆ. ಹೇಳಲು ಆಗದಿದ್ದರೆ ಬರೀ ಸದ್ದನ್ನು ಹಿಂಬಾಲಿಸಿದ್ದು, ಅರ್ಥವನ್ನಲ್ಲ.

ಎರಡು ತೊಡಕು ಇವೆ. ಒಂದು, ಓದಿದ್ದರ ಪಠ್ಯ ಕೈಗೆ ಸಿಗುವುದಿಲ್ಲ. ಅವರ ತಾಣದಲ್ಲಿ ಅದೇ ಸುದ್ದಿ ಬೇರೆ ಮಾತಿನಲ್ಲಿ ಇರುತ್ತದೆ. ಹೆಸರು, ಪದವಿ ತಿಳಿಯಲು ಅದು ಸಾಕು. ಇನ್ನೊಂದು, ವಾರ್ತೆ ಓದುವವರಿಂದ ಮಾತು ವರದಿಗಾರರಿಗೆ ಹೋದ ಕೂಡಲೇ ವೇಗ ಏರುತ್ತದೆ, ಬೀದಿಯ ಜನ ಮಾತಾಡಿದರೆ ಅದು ಆಯಾ ನಾಡಿನ ಆಡುಮಾತು. ಅಲ್ಲಿ ನಿಲ್ಲಿಸಿಬಿಡಿ. ಓದುವವರು ಕೂಡ ಎಲ್ಲ ವಿಭಕ್ತಿಯನ್ನೂ ಉಚ್ಚರಿಸುತ್ತಾರೆಂದಿಲ್ಲ, ಆದರೆ ಮುಖ್ಯಾಂಶಗಳಲ್ಲಿ ಜಾಗ್ರತೆ ಜಾಸ್ತಿ.

ರೇಡಿಯೊ ಹೇಗೆ? ಬಿಬಿಸಿ ಅರಬಿ ರೇಡಿಯೊ ಕೇಳಿ ಎಂದು ಹಳೆಯ ಸಲಹೆಗಳಲ್ಲಿ ಇರುತ್ತದೆ. 1938ರಲ್ಲಿ ಶುರುವಾದ ಆ ಪ್ರಸಾರ 2023ರ ಜನವರಿಯಲ್ಲಿ ನಿಂತಿತು. ಪ್ಯಾರಿಸ್ಸಿನಿಂದ ಬರುವ ಮಾಂಟೆ ಕಾರ್ಲೊ ದುವಲಿಯ್ಯ ಈಗಲೂ ಇದೆ. ಚಿತ್ರ ಇಲ್ಲದ್ದರಿಂದ ಕಿವಿಗೆ ಪೂರಾ ಕೆಲಸ. ಆದರೆ ನೇರ ಪ್ರಸಾರದಲ್ಲಿ ಹಿಂದೆ ಹೋಗಲು ಆಗದು, ನನ್ನ ಹಂತಕ್ಕೆ ಇನ್ನೂ ಭಾರ.

ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಬಾಗಿಲು ಹಾಕಿಕೊಂಡು ಕೂರಲು ನನಗೆ ಒಂದು ಕೋಣೆ ಇದೆ, ಹಾಗಾಗಿ ಗಟ್ಟಿಯಾಗಿ ಹೇಳುವ ಈ ಕ್ರಮ ನಡೆಯುತ್ತದೆ. ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಇದು ಆಗದ ಕೆಲಸ. ಬಸ್ಸಿನಲ್ಲಷ್ಟೇ ಸಮಯ ಸಿಗುವವರಿಗೆ, ಸ್ವರಚಿಹ್ನೆ ಇಲ್ಲದ ಬರಹ ಓದಲು ಇನ್ನೂ ತಡವರಿಸುವವರಿಗೆ ಆ ಕೋರ್ಸು ಬೇಡವೆನ್ನುವುದಿಲ್ಲ, ಓದಲು ಚೆನ್ನಾಗಿದೆ. ಕೇಳುವುದಕ್ಕೆಂದು ಮಾತ್ರ ಕೊಳ್ಳಬೇಡಿ. ನಾನು ಚಂದಾ ಮುಂದುವರಿಸಲಿಲ್ಲ. ಮುಖ್ಯಾಂಶಗಳನ್ನು ಈಗ ಮೂಲ ವೇಗದಲ್ಲೇ ಹಿಂಬಾಲಿಸುತ್ತೇನೆ. ಅಂಕಿ ಬಂದಾಗ ಮಾತ್ರ ಇನ್ನೂ ಹಿಂದೆ ಬೀಳುತ್ತೇನೆ. ಇಪ್ಪತ್ತೈದಕ್ಕೆ ಅರಬಿಯಲ್ಲಿ ಐದನ್ನು ಮೊದಲು ಹೇಳಿ ಆಮೇಲೆ ಇಪ್ಪತ್ತು ಎನ್ನುತ್ತಾರೆ, ಅದಕ್ಕೆಂದೇ ಈ ತಿಂಗಳು ಷೇರುಪೇಟೆ, ತೈಲದ ಬೆಲೆಯ ಸುದ್ದಿಗಳನ್ನೇ ಆರಿಸಿಕೊಳ್ಳುತ್ತಿದ್ದೇನೆ.