ಬೋರ್ ನೀರಿನ ರಿಪೋರ್ಟ್‌ನಲ್ಲಿ ಟಿಡಿಎಸ್ ಮಾತ್ರ ನೋಡಿ ಸಾಫ್ಟ್ನರ್ ಕೊಳ್ಳಬೇಡಿ

ಕಲಬುರಗಿ ಹೊರವಲಯದ ಒಂದು ಮನೆ. ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ, ಗೀಸರ್‌ನಲ್ಲಿ ಬಿಳಿ ಪದರ ಕಟ್ಟುತ್ತಿತ್ತು. ಮಾರಾಟದವನು ತಂದ ರಿಪೋರ್ಟ್‌ನಲ್ಲಿ ಇದ್ದದ್ದು ಮೂರೇ ಸಾಲು: ಪಿಎಚ್ 7.6, ನೀರಿನಲ್ಲಿ ಕರಗಿದ ಒಟ್ಟು ಲವಣ ಹೇಳುವ ಟಿಡಿಎಸ್ 890, ಗಡಸುತನ 520. ಕೆಳಗೆ 'ಮಿತಿಯೊಳಗಿದೆ' ಎಂಬ ಷರಾ. ಮನೆಯವರು ಅದನ್ನು ನಂಬಿ, ಇಡೀ ಮನೆಗೆ ಸಾಫ್ಟ್ನರ್ ಹಾಕಿಸಿ ಅದೇ ನೀರು ಕುಡಿಯತೊಡಗಿದರು.

ಮೊದಲ ತಪ್ಪು ಆ ಷರಾದಲ್ಲೇ ಇದೆ. ಭಾರತೀಯ ಮಾನಕ ಐಎಸ್ 10500ರಲ್ಲಿ ಎರಡು ಕಾಲಂ ಇವೆ. ಸ್ವೀಕಾರಾರ್ಹ ಮಿತಿ ಲೀಟರಿಗೆ ಟಿಡಿಎಸ್ 500, ಗಡಸುತನ 200 ಮಿಲಿಗ್ರಾಂ. ಎರಡನೆಯ ಕಾಲಂನ 2000 ಮತ್ತು 600 ಬೇರೆ ನೀರಿನ ಮೂಲವೇ ಇಲ್ಲದ ಊರಿಗೆ ಕೊಟ್ಟ ಸಡಿಲಿಕೆ. ಮಾರಾಟದವನು ಎರಡನೆಯದನ್ನೇ 'ಮಿತಿ' ಎಂದು ಬರೆದಿದ್ದ.

ಸಾಫ್ಟ್ನರ್ ಹಾಕಿದ ಮೇಲೆ ಗಡಸುತನ 40ಕ್ಕೆ ಇಳಿಯಿತು, ಬೇಳೆಯೂ ಬೆಂದಿತು. ಟಿಡಿಎಸ್ ಮಾತ್ರ ಇಳಿಯುವ ಬದಲು 920 ಆಯಿತು. ಯಂತ್ರ ಕೆಟ್ಟಿರಲಿಲ್ಲ. ಸಾಫ್ಟ್ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಲವಣವನ್ನು ತೆಗೆದುಹಾಕುವುದಿಲ್ಲ. 100 ಮಿಲಿಗ್ರಾಂ ಗಡಸುತನ ಹೋದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಇಲ್ಲಿ ಲೀಟರಿಗೆ ಸುಮಾರು 220 ಮಿಲಿಗ್ರಾಂ ಸೇರಿತು. ಬಿಪಿ ಇದ್ದು ಉಪ್ಪು ಕಡಿಮೆ ಮಾಡಬೇಕಾದವರಿಗೆ ಇದು ಸಣ್ಣ ಮಾತಲ್ಲ. ಸ್ನಾನ, ಬಟ್ಟೆ, ಗೀಸರ್‌ಗೆ ಸಾಫ್ಟ್ನರ್ ಸರಿ. ಅಡುಗೆಮನೆಯ ಕುಡಿಯುವ ನಲ್ಲಿಗೆ ಪ್ರತ್ಯೇಕ ಪೈಪ್ ಬಿಡಿಸಬೇಕಿತ್ತು.

ದೊಡ್ಡ ಅಪಾಯ ರಿಪೋರ್ಟ್‌ನಲ್ಲಿ ಇರಲೇ ಇಲ್ಲ. ಪೂರ್ಣ ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ ಎದುರು '18' ಎಂದಿತ್ತು. ಮಿತಿ 45, ಹಾಗಾಗಿ ಪಾಸ್ ಎಂದುಕೊಂಡರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ನೈಟ್ರೋಜನ್ ಆಗಿ' ಎಂದು ಬರೆದಿತ್ತು. ಅಂದರೆ 18 ಎಂಬುದು ನೈಟ್ರೇಟ್‌ನೊಳಗಿನ ನೈಟ್ರೋಜನ್ ತೂಕ ಮಾತ್ರ, 45ರ ಮಿತಿ ಇಡೀ ನೈಟ್ರೇಟ್‌ಗೆ. ಆ ಲೆಕ್ಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಸುಮಾರು 80 ಆಗುತ್ತದೆ. ನೈಟ್ರೇಟ್‌ಗೆ ಸಡಿಲಿಕೆಯ ಕಾಲಂ ಇಲ್ಲ, 45 ದಾಟಿದರೆ ಕುಡಿಯುವಂತಿಲ್ಲ. ಹಾಲಿನ ಪುಡಿ ಕಲಸಿ ಕುಡಿಸುವ ಎಳೆಗೂಸುಗಳಿಗೆ ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಿಸುತ್ತದೆ. ಕುದಿಸಿದರೆ ನೀರು ಆವಿಯಾಗಿ ಪ್ರಮಾಣ ಇನ್ನೂ ಏರುತ್ತದೆ. ಪೆನ್ನಿನಂಥ ಟಿಡಿಎಸ್ ಮೀಟರ್ ಇದನ್ನು ತೋರಿಸಲಾರದು, ಯಾಕೆಂದರೆ ಅದು ನೀರಿನ ವಿದ್ಯುತ್ ವಾಹಕತೆ ನೋಡಿ ಒಟ್ಟು ಲವಣ ಅಂದಾಜಿಸುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ನೈಟ್ರೇಟ್ 80 ಇದ್ದರೂ ಒಟ್ಟು 300 ಇದ್ದರೆ ಮೀಟರ್‌ಗೆ ಅದು ಒಳ್ಳೆಯ ನೀರೇ.

ಹಾಗಾಗಿ ಬೋರ್ ನೀರಿಗೆ ಟಿಡಿಎಸ್, ಗಡಸುತನದ ಜೊತೆ ನೈಟ್ರೇಟ್, ಫ್ಲೋರೈಡ್ (ಮಿತಿ 1.0, ಸಡಿಲಿಕೆ 1.5) ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಬರೆಸಿ. ಯಾದಗಿರಿ ಕಡೆಯವರು ಫ್ಲೋರೈಡ್ ಬಿಡಲೇಬೇಡಿ. ಸುರಪುರ ಸುತ್ತ ಆರ್ಸೆನಿಕ್ ಕೂಡ ಸೇರಿಸಿ. ಕುಡಿಯಲು ಆರ್‌ಒ ಹಾಕಿಸಿದರೆ ಅದರ ನಲ್ಲಿಯಿಂದಲೇ ಬಾಟಲಿ ತುಂಬಿ ನೈಟ್ರೇಟ್ ಪರೀಕ್ಷೆ ಮಾಡಿಸಿ. ಆರ್‌ಒ ಒಳಗಿನ ಸೋಸುವ ಪೊರೆ ಹಳೆಯದಾದಂತೆ ಮೊದಲು ಜಾರಿ ಹೋಗುವವುಗಳಲ್ಲಿ ನೈಟ್ರೇಟ್ ಒಂದು.